14 ಪದ, 15 ಒತ್ತಕ್ಷರ

ಈಗಷ್ಟೇ ಓದು ಕಲಿಯುತ್ತಿರುವ ಮಗುವಿಗೆಂದು ಬರೆದ ಕತೆಯೊಂದು ಹೀಗೆ ಶುರುವಾಗುತ್ತದೆ ಎಂದುಕೊಳ್ಳಿ: "ಬೆಳಗ್ಗೆ ಎದ್ದ ತಕ್ಷಣ ಪುಟ್ಟಿ ಅಜ್ಜಿಯ ಹಿತ್ತಲಿನಲ್ಲಿದ್ದ ಸೀಬೆಮರದ ಮೇಲೆ ಕುಳಿತು ಹಣ್ಣು ತಿನ್ನುತ್ತಿದ್ದ ಗಿಳಿಯನ್ನು ಕಂಡು ಆಶ್ಚರ್ಯಚಕಿತಳಾದಳು."

ದೊಡ್ಡವರಿಗೆ ಇದರಲ್ಲಿ ತೊಡಕೇನೂ ಕಾಣುವುದಿಲ್ಲ. ಅಜ್ಜಿ, ಹಿತ್ತಲು, ಗಿಳಿ, ಹಣ್ಣು ಎಲ್ಲವೂ ಮಗುವಿಗೆ ಗೊತ್ತಿರುವವೇ. ಎಣಿಸಿದರೆ ಸಿಗುವುದು 14 ಪದ. ಬೆಂಗಳೂರಿನ ಪ್ರಥಮ್ ಬುಕ್ಸ್ ಮಕ್ಕಳ ಕತೆಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸುತ್ತದೆ. ಮೊದಲ ಹಂತದ ಕತೆ 250 ಪದಗಳೊಳಗೆ ಮುಗಿಯಬೇಕು. ಕತೆ ಎಷ್ಟು ಉದ್ದ ಇರಬೇಕೆಂದು ತೀರ್ಮಾನಿಸಲು ಆ ಲೆಕ್ಕ ಸಾಕು. ಆದರೆ ಒಂದು ಕನ್ನಡ ವಾಕ್ಯ ಎಳೆಯ ಓದುಗರಿಗೆ ದಕ್ಕುತ್ತದೋ ಇಲ್ಲವೋ ಎಂಬುದನ್ನು ಪದಗಳ ಲೆಕ್ಕ ಹೇಳುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. "ಹಿತ್ತಲಿನಲ್ಲಿದ್ದ" ಎಂಬುದು ಲೆಕ್ಕಕ್ಕೆ ಒಂದೇ ಪದವಾದರೂ, ಬೆರಳಿಟ್ಟು ಓದುವ ಮಗು ಆರು ಅಕ್ಷರಗಳನ್ನು ದಾಟಬೇಕು. ಆ ಆರರಲ್ಲಿ ಮೂರು ಒತ್ತಕ್ಷರ.

ಆದ್ದರಿಂದ ಕತೆ ಪರಿಶೀಲಿಸುವವರು ಮೊದಲು ಪೆನ್ಸಿಲ್ ಹಿಡಿದು ಒತ್ತಕ್ಷರಗಳಿಗೆ ಗುರುತು ಹಾಕಬೇಕು. ಮೇಲಿನ ವಾಕ್ಯದಲ್ಲಿ 15 ಸಿಗುತ್ತವೆ. ಎಲ್ಲವೂ ಒಂದೇ ತೂಕದವಲ್ಲ. ಅಜ್ಜಿ, ಪುಟ್ಟಿ, ಹಣ್ಣು ಇಂಥವುಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ಮಗುವಿನ ಬಾಯಲ್ಲಿ ಅವು ಆಗಲೇ ಇವೆ, ಬೇಗ ಒಲಿಯುತ್ತವೆ. ಕಾಡುವುದು ಉಳಿದ ಮೂರು: ಕ್ಷ, ಶ್ಚ, ರ್ಯ. ಅದರಲ್ಲೂ "ರ್ಯ" ಬರೆಯುವಾಗ ಅರ್ಕಾವೊತ್ತು "ಯ"ದ ನಂತರ ಬರುತ್ತದೆ, ಓದುವಾಗ ಮಾತ್ರ "ರ್" ಮೊದಲು ಬರಬೇಕು. ಕಣ್ಣು ಮುಂದಕ್ಕೆ ಹೋಗಿ ಹಿಂದಕ್ಕೆ ಬರುವ ಈ ಕೆಲಸ ಹೊಸ ಓದುಗರಿಗೆ ದೊಡ್ಡ ಶ್ರಮ.

ಹಾಗಂತ ಒತ್ತಕ್ಷರವೇ ಇಲ್ಲದ ಕತೆ ಬರೆಯಹೊರಟರೆ ಭಾಷೆ ಸೊರಗುತ್ತದೆ. ಅಪ್ಪ, ಅಮ್ಮ, ಅಕ್ಕ ಯಾರೂ ಕತೆಯೊಳಗೆ ಬರುವಂತಿಲ್ಲ. ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿದೆ ಎಂದು ಕೇಳಿಕೊಳ್ಳುವುದೇ ಸರಿಯಾದ ದಾರಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯಲ್ಲಿ ಕಲಿಕೆ ಅ, ಆ, ಇ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಆ ಐದರಲ್ಲೇ ಅರಸ, ಅಗಸ, ಗರಗಸ ಎಂದು ಓದಲು ಬರುತ್ತದೆ. ಕಾಗುಣಿತ, ಒತ್ತಕ್ಷರ ಆಮೇಲಿನವು.

ಎರಡನೆಯ ಪರೀಕ್ಷೆ ಕ್ರಿಯಾಪದದ್ದು. ಕನ್ನಡದಲ್ಲಿ ಅದು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ವಾಕ್ಯದಲ್ಲಿ ಪುಟ್ಟಿ ಕಾಣಿಸಿಕೊಂಡ ಮೇಲೆ ಅವಳು ಏನಾದಳು ಎಂದು ತಿಳಿಯಲು ಒಂಬತ್ತು ಪದ ದಾಟಬೇಕು. ನಡುವೆ "ಕುಳಿತು" ಎಂದು ಬಂದಾಗ ಮರದ ಮೇಲೆ ಕುಳಿತವಳು ಪುಟ್ಟಿಯೇ ಎಂದು ಮಗು ನಂಬಿಬಿಡುತ್ತದೆ. ಅದರ ತಪ್ಪೇನಿಲ್ಲ, ವಾಕ್ಯವೇ ಹಾಗೆ ದಾರಿ ತಪ್ಪಿಸುತ್ತದೆ. ತಿದ್ದಿದರೆ ಹೀಗಾದೀತು:

"ಬೆಳಗಾಯಿತು. ಪುಟ್ಟಿ ಹಿತ್ತಲಿಗೆ ಬಂದಳು. ಅಲ್ಲಿ ಸೀಬೆ ಮರ ಇದೆ. ಮರದ ಮೇಲೆ ಒಂದು ಗಿಳಿ! ಗಿಳಿ ಹಣ್ಣು ತಿಂತಾ ಇದೆ. 'ಅಜ್ಜಿ, ಬಾ! ಗಿಳಿ ನೋಡು!'"

ಪದಗಳು 14ರಿಂದ 20ಕ್ಕೆ ಏರಿವೆ, ಓದು ಮಾತ್ರ ಹಗುರಾಗಿದೆ. ಯಾವ ವಾಕ್ಯವೂ ನಾಲ್ಕು ಪದ ಮೀರಿಲ್ಲ, ಯಾವ ಪದವೂ ಐದು ಅಕ್ಷರ ಮೀರಿಲ್ಲ. ಒತ್ತಕ್ಷರ ಐದು, ಎಲ್ಲವೂ ಅದೇ ಅಕ್ಷರದ ಒತ್ತು. ಗಿಳಿ, ಮರ ಮತ್ತೆ ಮತ್ತೆ ಬರುವುದರಿಂದ ಎರಡನೇ ಸಲ ಕಂಡಾಗ ಮಗು ಕೂಡಿಸಿ ಓದಬೇಕಿಲ್ಲ, ಗುರುತು ಹಿಡಿದರೆ ಸಾಕು. "ಆಶ್ಚರ್ಯಚಕಿತಳಾದಳು" ಎಂದು ಹೇಳುವ ಬದಲು ಪುಟ್ಟಿಯನ್ನೇ ಕೂಗಿಸಿದ್ದೇವೆ. "ತಿನ್ನುತ್ತಿದೆ" ಬೇಕೋ "ತಿಂತಾ ಇದೆ" ಬೇಕೋ ಎಂಬ ವಾದ ಸಂಪಾದಕರಲ್ಲಿ ಏಳಬಹುದು. ಮೊದಲ ಹಂತದ ಪುಸ್ತಕಕ್ಕೆ ನನ್ನ ಮತ ಬಾಯಿಮಾತಿಗೇ. ಸೀಬೆಯನ್ನು ಉತ್ತರ ಕರ್ನಾಟಕದ ಮಗು ಪೇರಲ ಎನ್ನುತ್ತದೆ. ಪಕ್ಕದಲ್ಲಿ ಚಿತ್ರವಿದ್ದರೆ ಪದ ಬದಲಿಸಬೇಕಿಲ್ಲ.

ಕತ್ತರಿಸುವುದಕ್ಕೂ ಮಿತಿ ಇದೆ. "ಮಳೆ ಬಂತು. ಪುಟ್ಟಿ ಹೊರಗೆ ಹೋಗಲಿಲ್ಲ." ಇಲ್ಲಿ ಕಾರಣವನ್ನು ಮಗುವೇ ಊಹಿಸಬೇಕು. "ಮಳೆ ಬಂತು. ಅದಕ್ಕೆ ಪುಟ್ಟಿ ಹೊರಗೆ ಹೋಗಲಿಲ್ಲ" ಎಂದರೆ ಒಂದು ಪದ ಹೆಚ್ಚಾಯಿತು, ಅರ್ಥ ಸಲೀಸಾಯಿತು.

ಇಷ್ಟಾದ ಮೇಲೆ ಕತೆಯನ್ನು ಮಕ್ಕಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಬೇಕು. ತಡವರಿಸಿದ ಪದಕ್ಕೆ ಗೆರೆ ಎಳೆಯಿರಿ, ಆಗಲೇ ತಿದ್ದಬೇಡಿ. ಓದು ಮುಗಿದ ಮೇಲೆ ಅದೇ ಪದವನ್ನು ನೀವು ಬಾಯಲ್ಲಿ ಹೇಳಿ, ಹಾಗೆಂದರೇನು ಎಂದು ಕೇಳಿ. ಕೇಳಿದೊಡನೆ ಅರ್ಥ ಹೇಳಿದರೆ ತೊಡಕು ಬರಹದಲ್ಲಿತ್ತು. ಆ ಪದವನ್ನು ಬಿಡಿಸಿ ಬರೆಯಬಹುದು, ಇಲ್ಲವೇ ಮುಂದಿನ ಹಂತದ ಪುಸ್ತಕಕ್ಕೆ ಇಡಬಹುದು. ಕೇಳಿಯೂ ತಿಳಿಯದಿದ್ದರೆ ಪದವೇ ಹೊಸದು. ಅದು ಕತೆಗೆ ಬೇಕೇಬೇಕು ಎನಿಸಿದರೆ ಚಿತ್ರದಲ್ಲಿ ತೋರಿಸಿ, ಮುಂದಿನ ಪುಟಗಳಲ್ಲಿ ಎರಡು ಮೂರು ಸಲ ಮತ್ತೆ ತನ್ನಿ.