ಹಬೆಯಲ್ಲಿ ಕರಗಿದ ಹೆಸರು

ಅದು ಆಲೆಮನೆಯೊಂದರಲ್ಲಿ ತೆಗೆದ ಶಾಟ್. ಮಬ್ಬುಗತ್ತಲ ಶೆಡ್ಡು, ಒಲೆಯ ಮೇಲೆ ಕೊಪ್ಪರಿಗೆ, ಪಕ್ಕದಲ್ಲಿ ನಿಂತು ಮಾತಾಡುವ ಹಿರಿಯರು. ಎಡಿಟಿಂಗಿಗೆ ಕೂತವನು, ಅವರು ಬಾಯಿ ತೆರೆದ ಫ್ರೇಮಿನಲ್ಲೇ ನಿಲ್ಲಿಸಿ ಕೆಳಗೆ ಎಡಕ್ಕೆ ಬಿಳಿ ಅಕ್ಷರದಲ್ಲಿ ಹೆಸರು ಕೂರಿಸಿದೆ. ಕಪ್ಪಿನ ಮೇಲೆ ಬಿಳುಪು, ಚೆನ್ನಾಗಿಯೇ ಇತ್ತು. ಪ್ಲೇ ಒತ್ತಿದರೆ ಎರಡನೇ ಸೆಕೆಂಡಿಗೆ ಕೊಪ್ಪರಿಗೆಯ ಹಬೆ ಎಡಕ್ಕೆ ಹೊರಳಿ ಅರ್ಧ ಹೆಸರನ್ನು ನುಂಗಿಬಿಟ್ಟಿತು.

ಪರದೆಯ ಕೆಳಭಾಗದಲ್ಲಿ ಮಾತಾಡುವವರ ಹೆಸರು, ಕೆಲಸ ತೋರಿಸುವ ಈ ಪಟ್ಟಿಗೆ ಲೋವರ್ ಥರ್ಡ್ ಅನ್ನುತ್ತಾರೆ. ನ್ಯೂಸ್ ಚಾನೆಲ್‌ಗಳಲ್ಲಿ ಇದು ಆಸ್ಟನ್. ಹಿಂದೆ ಅಕ್ಷರ ಮೂಡಿಸುವ ಯಂತ್ರ ಮಾಡುತ್ತಿದ್ದ ಬ್ರಿಟನ್ನಿನ ಕಂಪನಿಯ ಹೆಸರೇ ಪಟ್ಟಿಗೂ ಅಂಟಿಕೊಂಡಿದೆ. ಟೈಟಲ್ ಕಾರ್ಡಿಗೆ ಇದರಷ್ಟು ಕಷ್ಟವಿಲ್ಲ. ಅದಕ್ಕೆ ತನ್ನದೇ ಹಿನ್ನೆಲೆ ಇರುತ್ತದೆ, ಬಣ್ಣ ನಮ್ಮ ಕೈಯಲ್ಲೇ. ಆದರೆ ಹೆಸರಿನ ಪಟ್ಟಿ ಐದು ಸೆಕೆಂಡು ನಿಂತರೆ, ಸೆಕೆಂಡಿಗೆ 25 ಫ್ರೇಮಿನಂತೆ 125 ಚಿತ್ರಗಳ ಮೇಲೆ ನಿಂತ ಹಾಗೆ. ಅಷ್ಟರಲ್ಲಿ ತೀರಾ ಕೆಟ್ಟದ್ದು ಯಾವುದೋ, ಅದಕ್ಕೆ ಹೊಂದಿಸಬೇಕು.

ಕೆಟ್ಟ ಫ್ರೇಮ್ ಹುಡುಕಲು ನಾನು ಮೊದಲು ವಿಡಿಯೊದ ಬಣ್ಣ ಪೂರ್ತಿ ತೆಗೆದು ಕಪ್ಪು-ಬಿಳುಪು ಮಾಡುತ್ತೇನೆ. ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ: ಹಸಿರು ಗದ್ದೆಯ ಮೇಲೆ ಕೆಂಪು ಅಕ್ಷರ ಎದ್ದು ಕಂಡಂತೆ ಅನಿಸಿದರೂ, ಬೆಳಕಿನ ಲೆಕ್ಕದಲ್ಲಿ ಎರಡೂ ಒಂದೇ ಬೂದಿಯಾಗಿರಬಹುದು. ಆಮೇಲೆ ಪಟ್ಟಿ ಇರುವ ಐದು ಸೆಕೆಂಡನ್ನು ನಿಧಾನವಾಗಿ ಎಳೆದು ನೋಡಿ, ಅಕ್ಷರದ ಹಿಂದೆ ಅತಿ ಬೆಳ್ಳಗಾಗುವ ಜಾಗದಲ್ಲಿ ನಿಲ್ಲುತ್ತೇನೆ. ಇಲ್ಲಿ ಅದು ಹಬೆ.

ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರಕ್ಕೆ ವೆಬ್ ಪುಟಗಳವರು ಒಂದು ಅಳತೆ ಮಾಡಿಕೊಂಡಿದ್ದಾರೆ. ಬಿಳಿಯ ಮೇಲೆ ಬಿಳಿ 1, ಕಪ್ಪಿನ ಮೇಲೆ ಬಿಳಿ 21. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಬೇಕು, ದಪ್ಪ ದೊಡ್ಡ ಅಕ್ಷರಕ್ಕೆ 3 ಸಾಕು. ಹೆಸರಿನ ಹಿಂದೆ ಅರ್ಧ ಪಾರದರ್ಶಕವಾದ ಕಪ್ಪು ಪಟ್ಟಿ ಹಾಕಿದೆ ಅನ್ನಿ. ಅಚ್ಚ ಬಿಳಿ ಹಬೆಯ ಮೇಲೆ ಅದು ಬೂದು ಬಣ್ಣವಾಗಿ, ಬಿಳಿ ಅಕ್ಷರದ ಅಂತರ ಸುಮಾರು 3.9ಕ್ಕೆ ನಿಲ್ಲುತ್ತದೆ. ಪಟ್ಟಿಯ ಗಾಢತೆಯನ್ನು ಶೇಕಡಾ 60ಕ್ಕೆ ಏರಿಸಿದರೆ 5.7 ದಾಟುತ್ತದೆ. ಹತ್ತು ಅಂಶ ಏರಿಸಿದ್ದಕ್ಕೆ ಇಷ್ಟು ಲಾಭ. ಹಬೆ ಇಲ್ಲದಾಗ ಆ ಪಟ್ಟಿ ಶೆಡ್ಡಿನ ಕತ್ತಲಲ್ಲಿ ಬೆರೆತು ಇದ್ದೂ ಇಲ್ಲದಂತಿರುತ್ತದೆ.

ಪಟ್ಟಿ ಬೇಡ, ಅಕ್ಷರದ ಸುತ್ತ ಕಪ್ಪು ಗೆರೆ ಎಳೆದರಾಯಿತು ಅನ್ನುವವರಿದ್ದಾರೆ. ಇಂಗ್ಲಿಷಿಗೆ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ದಪ್ಪ ಗೆರೆ ಅದನ್ನೇ ಮುಚ್ಚುತ್ತದೆ. ಮೆತ್ತನೆಯ ನೆರಳು ಪರವಾಗಿಲ್ಲ, ಗೆರೆ ಬೇಡ.

ಇನ್ನು ಅಂಚಿನ ವಿಷಯ. ಹಳೆಯ ಟ್ಯೂಬ್ ಟಿವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಬಚ್ಚಿಡುತ್ತಿದ್ದವು, ಅದೂ ಒಂದೊಂದು ಸೆಟ್ಟಿನಲ್ಲಿ ಒಂದೊಂದು ಅಳತೆ. ಅದಕ್ಕೇ ಅಕ್ಷರಗಳನ್ನು ಚಿತ್ರದ ನಡುವಿನ ಶೇಕಡಾ 80ರೊಳಗೆ ಇಡಬೇಕೆಂಬ ನಿಯಮವಿತ್ತು. ಚಪ್ಪಟೆ ಟಿವಿಗಳು ಬಂದ ಮೇಲೆ ಅದನ್ನು 90ಕ್ಕೆ ಸಡಿಲಿಸಿದರು. 1920×1080ರ ವಿಡಿಯೊದಲ್ಲಿ ಅಂದರೆ ಎಡಬಲಕ್ಕೆ 96 ಪಿಕ್ಸೆಲ್, ಮೇಲೆ ಕೆಳಗೆ 54 ಪಿಕ್ಸೆಲ್ ಬಿಡಬೇಕು. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ Safe Margins ಅಥವಾ Safe Area ಒತ್ತಿದರೆ ಈ ಚೌಕಗಳು ಕಾಣುತ್ತವೆ.

ನಾನು ಎಡವಿದ್ದು ಇಲ್ಲೇ. ಸಾಲಿನ ಬುಡವನ್ನು ಸರಿಯಾಗಿ ಚೌಕದ ಮೇಲೆ ಕೂರಿಸಿದ್ದೆ. ಆದರೆ ಕೃಷ್ಣಪ್ಪ ಅನ್ನುವಂಥ ಹೆಸರಿನಲ್ಲಿ ಒತ್ತಕ್ಷರಗಳೆಲ್ಲ ಬುಡದಿಂದ ಕೆಳಗೆ ಇಳಿಯುತ್ತವೆ. ಅಲ್ಲಿಯೂ ಚೌಕ ದಾಟಿದ್ದವು, ಪಟ್ಟಿಯ ಅಂಚಿನಿಂದಲೂ ಹೊರಗೆ ಇಣುಕುತ್ತಿದ್ದವು. ಅಂದಿನಿಂದ ಅತಿ ಕೆಳಗಿಳಿಯುವ ಒತ್ತಿನಿಂದಲೇ ಅಳೆಯುತ್ತೇನೆ. ಹೆಸರಿನ ಕೆಳಗೆ ಕೆಲಸ ಬರೆಯುವಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ‘ಕೀ’ಯ ಗುಡಿಸಿಗೆ ತಾಗದಷ್ಟು ಜಾಗವನ್ನೂ ಬಿಡುತ್ತೇನೆ.

ಎಷ್ಟು ಹೊತ್ತು ಇರಬೇಕು ಅನ್ನುವುದಕ್ಕೆ ಗಡಿಯಾರ ಬೇಡ. ಹೆಸರು, ಕೆಲಸ ಎರಡನ್ನೂ ನಿಧಾನವಾಗಿ ಎರಡು ಸಲ ಜೋರಾಗಿ ಓದಿ, ಅಷ್ಟು ಹೊತ್ತು ಬಿಡಿ. ಶಾಟ್ ಬದಲಾಗುವ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಶಾಟಿನಲ್ಲಿರುವ ಎಮ್ಮೆಗೆ ಆ ಹೆಸರು ಅಂಟುತ್ತದೆ.

ಅದೇ ವಿಡಿಯೊವನ್ನು ಫೋನಿಗಾಗಿ ಉದ್ದುದ್ದ ಕತ್ತರಿಸಿದಾಗ ಟಿವಿಯ ಚೌಕ ಉಪಯೋಗಕ್ಕೆ ಬರಲಿಲ್ಲ. ಆ್ಯಪ್ ತನ್ನದೇ ವಿವರಗಳನ್ನು ಕೆಳಗೆ, ಗುಂಡಿಗಳನ್ನು ಬಲಕ್ಕೆ ತುಂಬಿಕೊಂಡಿತ್ತು, ಹಿರಿಯರ ಹೆಸರು ಅವುಗಳ ಅಡಿಯಲ್ಲಿ. ಪಟ್ಟಿಯನ್ನು ಮೇಲೆತ್ತಿದರೆ ಪಾಕ ತಿರುವುವ ಕೈ ಮುಚ್ಚಿಹೋಗುತ್ತಿತ್ತು, ಆ ಕೈ ನೋಡುವುದಕ್ಕೇ ಶಾಟ್ ಇಟ್ಟಿದ್ದು. ಕೊನೆಗೆ ಹೆಸರನ್ನು ಎಡಕ್ಕೆ, ಅವರ ಎದೆಮಟ್ಟಕ್ಕೆ ತಂದೆ. ಅಲ್ಲಿ ಹಬೆ ಇನ್ನೂ ದಟ್ಟ, ಪಟ್ಟಿಯನ್ನು 70ಕ್ಕೆ ಏರಿಸಬೇಕಾಯಿತು.