27 ಕೋಟಿ ಕೊಟ್ಟವರಿಗೆ ಕಪ್ ಗ್ಯಾರಂಟಿನಾ? ಐಪಿಎಲ್ 'ಪರ್ಸ್' ಲೆಕ್ಕ ತಿಳಿದುಕೊಳ್ಳೋಣ

"ಅಂಬಾನಿ ಹತ್ರ ದುಡ್ಡಿದೆ, ಎಲ್ಲ ಆಟಗಾರರನ್ನೂ ಕೊಳ್ತಾರೆ, ಕಪ್ ಅವರಿಗೇ." ಐಪಿಎಲ್ ಹರಾಜು ಮುಗಿದ ಮರುದಿನ ಇಂಥ ಮೆಸೇಜ್ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಗೋಕಾಕದ ಗ್ರೂಪಿನಿಂದ ಮೂಡಲಗಿಗೆ, ಅಲ್ಲಿಂದ ಹುಕ್ಕೇರಿಗೆ ಫಾರ್ವರ್ಡ್ ಆಗುವ ಹೊತ್ತಿಗೆ ಅದೇ ಸತ್ಯ ಅನ್ನಿಸಿಬಿಡುತ್ತದೆ. ಈ ಮಾತು ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡೋಣ.

ಮಾಲೀಕರ ಜೇಬು ಬೇರೆ, ತಂಡದ ಪರ್ಸ್ ಬೇರೆ

ಐಪಿಎಲ್‌ನಲ್ಲಿ ಮಾಲೀಕರು ಎಷ್ಟೇ ಶ್ರೀಮಂತರಾಗಿದ್ದರೂ ಆಟಗಾರರಿಗೆ ಮನಸ್ಸಿಗೆ ಬಂದಷ್ಟು ಖರ್ಚು ಮಾಡುವಂತಿಲ್ಲ. ಪ್ರತಿ ತಂಡಕ್ಕೂ ಒಂದೇ ಮೊತ್ತದ ಮಿತಿ ಇದೆ. ಇದನ್ನೇ ಸ್ಯಾಲರಿ ಕ್ಯಾಪ್, ಅಂದರೆ ಸಂಬಳದ ಮಿತಿ ಎನ್ನುತ್ತಾರೆ. ನಮ್ಮಲ್ಲಿ ಬಳಕೆಯಲ್ಲಿರುವ ಹೆಸರು 'ಪರ್ಸ್'. 2008ರ ಮೊದಲ ಹರಾಜಿನಲ್ಲಿ ಇದು ತಂಡಕ್ಕೆ 50 ಲಕ್ಷ ಡಾಲರ್ ಇತ್ತು. 2025ರ ಸೀಸನ್‌ಗೆ ಹತ್ತೂ ತಂಡಗಳಿಗೆ ತಲಾ 120 ಕೋಟಿ ರೂಪಾಯಿ ಇತ್ತು.

ಹಳೆಯ ಆಟಗಾರರನ್ನು ಉಳಿಸಿಕೊಂಡರೆ ಅವರ ಹಣವೂ ಇದೇ ಪರ್ಸ್‌ನಿಂದ ಹೋಗುತ್ತದೆ. ಮುಂಬೈ ತಂಡ ಬೂಮ್ರಾ, ಸೂರ್ಯಕುಮಾರ್, ಹಾರ್ದಿಕ್, ರೋಹಿತ್ ಮತ್ತು ತಿಲಕ್ ವರ್ಮಾ ಐವರನ್ನು ಉಳಿಸಿಕೊಂಡಿತು. ಅದಕ್ಕೇ 75 ಕೋಟಿ ಹೋಯಿತು. ರಿಲಯನ್ಸ್‌ನಂಥ ದೊಡ್ಡ ಕಂಪನಿ ಬೆನ್ನಿಗಿದ್ದರೂ ಹರಾಜಿನ ಮೇಜಿಗೆ ಅವರು ಬಂದಿದ್ದು ಉಳಿದ 45 ಕೋಟಿ ಹಿಡಿದುಕೊಂಡೇ.

ಆರ್‌ಸಿಬಿ ಲೆಕ್ಕ

ಅದೇ ಹರಾಜಿಗೆ ನಮ್ಮ ಆರ್‌ಸಿಬಿ ಬೇರೆ ದಾರಿ ಹಿಡಿಯಿತು. ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರ್‌ಗೆ 11 ಕೋಟಿ, ಯಶ್ ದಯಾಳ್‌ಗೆ 5 ಕೋಟಿ. ಒಟ್ಟು 37 ಕೋಟಿ ಹೋಗಿ ಕೈಯಲ್ಲಿ 83 ಕೋಟಿ ಉಳಿಯಿತು.

2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಲಕ್ನೋ ತಂಡ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿತು. ಆರ್‌ಸಿಬಿ ಅಂಥ ಪೈಪೋಟಿಯಲ್ಲಿ ಹಣ ಸುರಿಯಲಿಲ್ಲ. ಹೇಜಲ್‌ವುಡ್‌ಗೆ 12.50 ಕೋಟಿ, ಫಿಲ್ ಸಾಲ್ಟ್‌ಗೆ 11.50 ಕೋಟಿ, ಜಿತೇಶ್ ಶರ್ಮಾಗೆ 11 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಹೀಗೆ ಹಂಚಿ ಖರ್ಚು ಮಾಡಿತು. ಕೃಣಾಲ್ ಪಾಂಡ್ಯ ಸಿಕ್ಕಿದ್ದು 5.75 ಕೋಟಿಗೆ, ಅಂದರೆ ಪರ್ಸ್‌ನ ಶೇ 5ಕ್ಕಿಂತ ಕಡಿಮೆ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಕಪ್ ಗೆದ್ದಾಗ ಫೈನಲ್‌ನ ಪಂದ್ಯಶ್ರೇಷ್ಠ ಆಗಿದ್ದು ಇದೇ ಕೃಣಾಲ್.

ಮಿತಿ ಇದ್ದಾಗ ಆಟಗಾರನ ನಿಜವಾದ ಬೆಲೆ ಕೋಟಿಗಳಲ್ಲಿ ಇರುವುದಿಲ್ಲ. ಅವನನ್ನು ಕೊಂಡ ಮೇಲೆ ಇನ್ಯಾರನ್ನು ಬಿಡಬೇಕಾಯಿತು ಎಂಬುದೇ ಬೆಲೆ. ಪ್ರೊ ಕಬಡ್ಡಿ ನೋಡುವವರಿಗೆ ಇದು ನೆನಪಿರಬಹುದು. ಹತ್ತನೇ ಸೀಸನ್‌ನಲ್ಲಿ ತಂಡಕ್ಕೆ 5 ಕೋಟಿ ಪರ್ಸ್ ಇತ್ತು. ತೆಲುಗು ಟೈಟಾನ್ಸ್ ಅದರಲ್ಲಿ 2.605 ಕೋಟಿಯನ್ನು ಪವನ್ ಸೆಹ್ರಾವತ್ ಒಬ್ಬರಿಗೇ ಕೊಟ್ಟಿತು. ಅರ್ಧಕ್ಕಿಂತ ಹೆಚ್ಚು ಹಣ ಒಬ್ಬ ರೈಡರ್‌ಗೆ ಹೋಯಿತು. ಆ ತಂಡ 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ, ಬಂದಿದ್ದು ಕೊನೆಯ ಸ್ಥಾನ.

ಊರಿನ ಟೂರ್ನಿಗೂ ಇದೇ ಸೂತ್ರ

ನಮ್ಮ ಕಡೆಯ ಟೆನಿಸ್ ಬಾಲ್ 'ಪ್ರೀಮಿಯರ್ ಲೀಗ್'ಗಳಲ್ಲಿ ಪಾಯಿಂಟ್ ಕೊಟ್ಟು ಹರಾಜು ಮಾಡುವುದೂ ಇದೇ ಕಾರಣಕ್ಕೆ. ಒಂದು ಉದಾಹರಣೆ ನೋಡಿ. ತಂಡಕ್ಕೆ 1,000 ಪಾಯಿಂಟ್, 12 ಆಟಗಾರರು ಬೇಕು, ಒಬ್ಬರ ಮೂಲ ಬೆಲೆ 20 ಪಾಯಿಂಟ್ ಎಂದಿಟ್ಟುಕೊಳ್ಳಿ. ಮೊದಲ ಆಟಗಾರನಿಗೆ ಕೂಗುವಾಗ ಉಳಿದ 11 ಜನರಿಗೆ ಕನಿಷ್ಠ 220 ಪಾಯಿಂಟ್ ಎತ್ತಿಡಬೇಕು. ಹಾಗಾಗಿ ಎಷ್ಟೇ ಆಸೆಯಿದ್ದರೂ 780ಕ್ಕಿಂತ ಮೇಲೆ ಕೂಗುವಂತಿಲ್ಲ. 780 ಕೂಗಿದರೂ ಉಳಿದವರೆಲ್ಲ ಮೂಲ ಬೆಲೆಗೆ ಸಿಗುವವರೇ ಆಗಿರಬೇಕು.

ಈ ವ್ಯವಸ್ಥೆ ಕೆಡುವುದು ಮಾಲೀಕರು ಒಳಗೊಳಗೇ ಮಾತಾಡಿಕೊಂಡಾಗ. "ಆ ಹುಡುಗನಿಗೆ ನೀವು ಕೂಗಬೇಡಿ, ಈ ಹುಡುಗನಿಗೆ ನಾವು ಕೂಗಲ್ಲ" ಎಂದು ಒಪ್ಪಂದವಾದರೆ ಪಾಯಿಂಟ್ ಮಿತಿಗೆ ಅರ್ಥವೇ ಇರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಒಳ್ಳೆಯ ಬ್ಯಾಟ್ಸ್‌ಮನ್ ಒಂದೇ ಕೂಗಿಗೆ ಮೂಲ ಬೆಲೆಯಲ್ಲಿ ಮುಗಿದುಹೋದರೆ ಅನುಮಾನ ಪಡಬೇಕಾದ್ದೇ.

ಹಾಗಾದರೆ ಲಕ್ಸುರಿ ಟ್ಯಾಕ್ಸ್ ಅಂದ್ರೇನು?

ಇದು ಸರ್ಕಾರದ ತೆರಿಗೆ ಅಲ್ಲ, ಲೀಗ್ ಹಾಕುವ ದಂಡ. ಐಪಿಎಲ್ ಮಿತಿ ಗೋಡೆಯಿದ್ದಂತೆ, ದಾಟುವಂತಿಲ್ಲ. ಅಮೆರಿಕದ ಬೇಸ್‌ಬಾಲ್ ಲೀಗ್‌ನಲ್ಲಿ ಇರುವುದು ಟೋಲ್ ಗೇಟ್. ದಾಟಬಹುದು, ಆದರೆ ದುಡ್ಡು ಕಟ್ಟಬೇಕು. ಅಲ್ಲಿ 2024ರಲ್ಲಿ ಗೆರೆ 23.7 ಕೋಟಿ ಡಾಲರ್‌ಗೆ ಇತ್ತು. ಸಂಬಳದ ಮೊತ್ತ ಅದನ್ನು ಮೀರಿದರೆ ಮೀರಿದ ಭಾಗಕ್ಕೆ ಮೊದಲ ವರ್ಷ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50 ದಂಡ. ತುಂಬಾ ಮೀರಿದರೆ ಅದರ ಮೇಲೆ ಇನ್ನಷ್ಟು.

ಶ್ರೀಮಂತರನ್ನು ಇದು ತಡೆಯುತ್ತದಾ? ಆ ವರ್ಷ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಬಿದ್ದ ದಂಡ ಸುಮಾರು 10.3 ಕೋಟಿ ಡಾಲರ್, ಅಂದರೆ ಅಂದಾಜು 870 ಕೋಟಿ ರೂಪಾಯಿ. ಒಂದು ಐಪಿಎಲ್ ತಂಡದ ಪರ್ಸ್‌ನ ಏಳು ಪಟ್ಟು! ಅಷ್ಟು ಕಟ್ಟಿಯೂ ಅವರು ಕಪ್ ಗೆದ್ದರು, ಮುಂದಿನ ವರ್ಷವೂ ಗೆದ್ದರು. ಸಣ್ಣ ತಂಡಗಳು ದಂಡಕ್ಕೆ ಹೆದರುತ್ತವೆ, ದೊಡ್ಡ ತಂಡ ಅದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳುತ್ತದೆ.

ಐಪಿಎಲ್‌ನಲ್ಲಿ ಲಕ್ಸುರಿ ಟ್ಯಾಕ್ಸ್ ಇಲ್ಲ. ಆದರೆ ದೂರದ ನೆಂಟನಂಥ ನಿಯಮ ಒಂದಿದೆ. 2025ರ ಡಿಸೆಂಬರ್‌ನ ಸಣ್ಣ ಹರಾಜಿನಲ್ಲಿ ಕೋಲ್ಕತ್ತಾ ತಂಡ ಕ್ಯಾಮರೂನ್ ಗ್ರೀನ್‌ಗೆ 25.20 ಕೋಟಿ ಕೂಗಿತು. ಸಣ್ಣ ಹರಾಜಿನಲ್ಲಿ ವಿದೇಶಿ ಆಟಗಾರನ ಕೈಗೆ ಹೋಗುವ ಹಣಕ್ಕೆ ಮಿತಿ ಇರುವುದರಿಂದ ಅವರಿಗೆ 18 ಕೋಟಿ. ಉಳಿದ 7.20 ಕೋಟಿ ಬಿಸಿಸಿಐನ ಆಟಗಾರರ ಕಲ್ಯಾಣ ನಿಧಿಗೆ. ತಂಡದ ಪರ್ಸ್‌ನಿಂದ ಮಾತ್ರ ಪೂರ್ತಿ 25.20 ಕೋಟಿ ಕಡಿತ.

ಮೆಸೇಜ್‌ನಲ್ಲಿ ನಿಜ ಎಷ್ಟು?

ಪೂರ್ತಿ ಸುಳ್ಳೂ ಅಲ್ಲ. ಪರ್ಸ್‌ಗೆ ಸೇರದ ಖರ್ಚುಗಳಿವೆ. ಕೋಚ್‌ಗಳು, ಪ್ರತಿಭೆ ಹುಡುಕುವವರು, ತರಬೇತಿ ಕೇಂದ್ರಗಳ ಖರ್ಚು ಪರ್ಸ್‌ಗೆ ಬರುವುದಿಲ್ಲ. ಇನ್ನೊಂದು ತಂಡದಿಂದ ಆಟಗಾರನನ್ನು ಬಿಡಿಸಿಕೊಳ್ಳಲು ಆ ತಂಡಕ್ಕೆ ಕೊಡುವ ವರ್ಗಾವಣೆ ಹಣವೂ ಬರುವುದಿಲ್ಲ, ಆಟಗಾರನ ಸಂಬಳ ಮಾತ್ರ ಬರುತ್ತದೆ. ಇಲ್ಲಿ ದುಡ್ಡಿದ್ದವರಿಗೆ ಅನುಕೂಲ ಇದ್ದೇ ಇದೆ.

ಪರ್ಸ್ ಹಣವನ್ನು ಸಮ ಮಾಡುತ್ತದೆ, ಬುದ್ಧಿಯನ್ನಲ್ಲ. 2025ರವರೆಗಿನ 18 ಸೀಸನ್‌ಗಳಲ್ಲಿ ಮುಂಬೈ ಮತ್ತು ಚೆನ್ನೈ ತಲಾ ಐದು ಸಲ ಗೆದ್ದಿವೆ. ಅಷ್ಟೇ ಪರ್ಸ್ ಇಟ್ಟುಕೊಂಡ ಆರ್‌ಸಿಬಿ ಮೊದಲ ಕಪ್‌ಗೆ ಹದಿನೆಂಟನೇ ಸೀಸನ್‌ವರೆಗೆ ಕಾಯಬೇಕಾಯಿತು.

ಮುಂದಿನ ಹರಾಜಿನಲ್ಲಿ "ಇಷ್ಟು ಕೋಟಿಗೆ ಕೊಂಡರು!" ಎಂಬ ಮೆಸೇಜ್ ಬಂದರೆ ಆ ಸಂಖ್ಯೆಯ ಪಕ್ಕದಲ್ಲಿ ಇನ್ನೆರಡು ಸಂಖ್ಯೆ ಹುಡುಕಿ: ಪರ್ಸ್‌ನಲ್ಲಿ ಉಳಿದಿದ್ದೆಷ್ಟು, ಇನ್ನೂ ಎಷ್ಟು ಆಟಗಾರರು ಬೇಕು. ಆ ತಂಡ ಒಳ್ಳೆಯ ವ್ಯಾಪಾರ ಮಾಡಿತೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.