ಅರ್ಥ ಪುಟದ ಕೆಳಗೇಕೆ, ವಾಕ್ಯದಲ್ಲೇ ಇರಲಿ

‘ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದರಿಂದ ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿದರು.’ ಆರೋಗ್ಯ ಲೇಖನದಲ್ಲಿ ಇಂಥ ಸಾಲು ಬಂದರೆ ಓದುಗ ಎಡವುವುದು ಎರಡನೇ ಪದದಲ್ಲಿ. ಅದರ ತಲೆಯ ಮೇಲೊಂದು ನಕ್ಷತ್ರ ಇಟ್ಟು ಪುಟದ ಕೆಳಗೆ ಅರ್ಥ ಕೊಡಬಹುದು. ಆದರೆ ಕೆಳಗಿಳಿದ ಕಣ್ಣು ಮತ್ತೆ ಮೇಲೇರಿ, ಬಿಟ್ಟ ಸಾಲನ್ನು ಹುಡುಕಿಕೊಳ್ಳಬೇಕು. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಅರ್ಥವನ್ನು ವಾಕ್ಯದೊಳಗೇ ತರಲು ಹೊರಟವರು ಮೊದಲು ಮಾಡುವುದು ಪದದ ಪಕ್ಕ ಅಲ್ಪವಿರಾಮ ಹಾಕಿ ವಿವರಣೆ ಸೇರಿಸುವುದು: ‘ಕಿಡ್ನಿಗಳು ಕ್ರಿಯಾಟಿನಿನ್, ಸ್ನಾಯುಗಳ ತ್ಯಾಜ್ಯ, ಯೂರಿಯಾ ಮತ್ತು ಹೆಚ್ಚಿನ ನೀರನ್ನು ಹೊರಹಾಕುತ್ತವೆ.’ ಇಲ್ಲಿ ಹೊರಹೋಗುವುದು ಮೂರು ವಸ್ತುವೋ ನಾಲ್ಕೋ? ಗೊತ್ತಿಲ್ಲದವನು ನಾಲ್ಕೆಂದೇ ಎಣಿಸುತ್ತಾನೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಇಂಥ ಪಟ್ಟಿಯ ಕೊನೆಯ ಪದಕ್ಕಷ್ಟೇ ಅಂಟಬಹುದಾದ್ದರಿಂದ, ನಡುವೆ ಬಂದ ವಿವರಣೆಯೂ ಪಟ್ಟಿಯ ಇನ್ನೊಂದು ಸದಸ್ಯನಂತೆ ಕಾಣುತ್ತದೆ.

ನಮ್ಮ ಭಾಷೆಗೆ ಒಗ್ಗುವ ದಾರಿ ಬೇರೆ. ವಿಶೇಷಣ ನಾಮಪದದ ಮುಂದೆ ಬರುತ್ತದೆ, ‘ಎಂಬ’ ಹೆಸರನ್ನೂ ವಸ್ತುವನ್ನೂ ಹೆಣೆಯುತ್ತದೆ: ‘ಸ್ನಾಯುಗಳಲ್ಲಿ ಹುಟ್ಟುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಕಿಡ್ನಿಗಳು ಸೋಸಿ ಹೊರಹಾಕುತ್ತವೆ.’ ಪ್ರತ್ಯಯ ‘ತ್ಯಾಜ್ಯ’ಕ್ಕೆ ಅಂಟಿತು, ‘ಕ್ರಿಯಾಟಿನಿನ್ ಅನ್ನು’ ಎಂದು ತೊದಲಬೇಕಾಗಲಿಲ್ಲ. ನನಗೆ ಇದೇ ಹೆಚ್ಚು ಇಷ್ಟ.

ವಿವರಣೆಯಲ್ಲಿ ಏನಿರಬೇಕು ಎಂಬುದು ಇನ್ನೂ ಮುಖ್ಯ. ‘ಕಿಡ್ನಿಯ ಆರೋಗ್ಯದ ಸೂಚಕವಾದ ಕ್ರಿಯಾಟಿನಿನ್’ ಎಂದರೆ ತಪ್ಪಲ್ಲ. ಆದರೆ ಅದು ಏರಿದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದು. ‘ಕಿಡ್ನಿ ಸೋಸಬೇಕಾದ ತ್ಯಾಜ್ಯ’ ಎಂದರೆ, ಸೋಸುವಿಕೆ ಕುಂದಿದಾಗ ಅದು ರಕ್ತದಲ್ಲೇ ಉಳಿಯುತ್ತದೆಂದು ಓದುಗನೇ ಊಹಿಸುತ್ತಾನೆ. ಮಾತ್ರೆ ಯಾಕೆ ತಗ್ಗಿತು ಎಂಬುದಕ್ಕೂ ದಾರಿ ಸಿಕ್ಕಿತು: ಕೆಲವು ಔಷಧಗಳೂ ಕಿಡ್ನಿಯ ಮೂಲಕವೇ ಹೊರಹೋಗಬೇಕು. ಲೇಖನದ ವಿಷಯ ಸಣಕಲು ದೇಹದ ವೃದ್ಧರಾದರೆ ‘ಸ್ನಾಯುಗಳಲ್ಲಿ ಹುಟ್ಟುವ’ ಎಂಬ ಭಾಗವನ್ನು ಬಿಡುವಂತಿಲ್ಲ. ಸ್ನಾಯು ಕಡಿಮೆಯಾದವರಲ್ಲಿ ಈ ತ್ಯಾಜ್ಯವೂ ಕಡಿಮೆ. ಕಿಡ್ನಿ ಸೋತಿದ್ದರೂ ವರದಿಯ ಅಂಕಿ ಸರಿಯಾಗಿಯೇ ಕಾಣಬಹುದು. ‘ಕ್ರಿಯೇಟಿನ್ ಫಾಸ್ಫೇಟ್‌ನಿಂದ ಉಂಟಾಗುವ’ ಎಂದು ಬರೆದರೋ, ಒಂದು ಒಗಟಿಗೆ ಇನ್ನೊಂದನ್ನು ಕಟ್ಟಿದಂತಾಯಿತು.

ಸರಿಹೋಯಿತೇ ಎಂದು ನೋಡಲು ತಾಂತ್ರಿಕ ಪದವನ್ನು ಅಳಿಸಿ ಓದಬೇಕು. ‘ಸ್ನಾಯುಗಳಲ್ಲಿ ಹುಟ್ಟುವ ತ್ಯಾಜ್ಯವನ್ನು ಕಿಡ್ನಿಗಳು ಸೋಸುತ್ತವೆ’ ಎಂಬುದು ತಾನೇ ನಿಲ್ಲುತ್ತದೆ. ಒಮ್ಮೆ ಹೇಳಿದ ಮೇಲೆ ಬರಿಯ ಕ್ರಿಯಾಟಿನಿನ್ ಸಾಕು. ಬಹಳ ಪುಟಗಳ ನಂತರ ಮರಳಿದರೆ ‘ಆ ತ್ಯಾಜ್ಯ’ ಎಂದು ನೆನಪಿಸಬಹುದು.

ಎಲ್ಲ ಪದಗಳೂ ಹೀಗೆ ಬಗ್ಗುವುದಿಲ್ಲ. ಅದೇ ವರದಿಯಲ್ಲಿರುವ ಇಜಿಎಫ್‌ಆರ್ ಒಂದು ವಸ್ತುವಲ್ಲ; ಕ್ರಿಯಾಟಿನಿನ್, ವಯಸ್ಸು, ಲಿಂಗ ಇವನ್ನಿಟ್ಟು, ಕಿಡ್ನಿಗಳು ನಿಮಿಷಕ್ಕೆ ಎಷ್ಟು ಸೋಸುತ್ತವೆಂದು ಹಾಕಿದ ಲೆಕ್ಕ. ಅದನ್ನು ‘ಎಂಬ’ದ ಹಿಂದೆ ತುರುಕಿದರೆ ಕ್ರಿಯಾಪದ ಬರುವಷ್ಟರಲ್ಲಿ ಕರ್ತೃವೇ ಮರೆತುಹೋಗುತ್ತದೆ. ಅದಕ್ಕೆ ಎರಡು ವಾಕ್ಯ ಬೇರೆಯಾಗಿಯೇ ಕೊಡಬೇಕು.